ಪರೀಕ್ಷೆ ಕಷ್ಟವಲ್ಲ, ಫೋಟೊ ಹಳೆಯದು

ಸಂಪಾದಕರಿಗೆ ನಮಸ್ಕಾರ. ನನ್ನ ಮಗಳಿಗೆ 18 ತುಂಬಿತು. ಸ್ಕೂಟರ್ ಕಲಿಯಲು ಬೇಕಾದ ಕಲಿಕಾ ಲೈಸೆನ್ಸ್, ಅಂದರೆ ಎಲ್‌ಎಲ್‌ಗೆ ಆಧಾರ್ ಕೊಟ್ಟು ಅರ್ಜಿ ಹಾಕಿ, ಮನೆಯಲ್ಲೇ ಪರೀಕ್ಷೆಗೆ ಕೂತಳು. ಮುಖ ಹೊಂದುತ್ತಿಲ್ಲ ಎಂದು ಎರಡು ಸಲ ಬಂತು. ಜಾಗ ಬದಲಿಸಿ ಕೂತ ಮೇಲೆ ಶುರುವಾಯಿತು. ಏಳನೇ ಪ್ರಶ್ನೆಯ ಹೊತ್ತಿಗೆ ನನ್ನ ಮೊಬೈಲಿಗೆ ತಂಗಿ ಫೋನ್ ಮಾಡಿದಳು, ಆಗಲೇ ನೆಟ್‌ವರ್ಕ್ ಹೋಗಿ ಪರೀಕ್ಷೆ ನಿಂತಿತು. ಲ್ಯಾಪ್‌ಟಾಪ್‌ಗೆ ನನ್ನ ಮೊಬೈಲಿನದೇ ಹಾಟ್‌ಸ್ಪಾಟ್. ಅವಳ ಆಧಾರ್ ನಾಲ್ಕನೇ ತರಗತಿಯಲ್ಲಿ ಶಾಲೆಯಲ್ಲೇ ಮಾಡಿಸಿದ್ದು. ಈಗ ಅವಳು ಫೇಲಾದಳೇ? ಮತ್ತೆ ಪೂರ್ತಿ ಹಣ ಕಟ್ಟಬೇಕೇ? ಪೇಟೆಯ ಏಜೆಂಟ್ ಒಬ್ಬರು, ‘ಎರಡು ಸಾವಿರ ಮತ್ತು ಒಟಿಪಿ ಕೊಡಿ, ನಾನೇ ಮುಗಿಸಿಕೊಡುತ್ತೇನೆ’ ಎನ್ನುತ್ತಿದ್ದಾರೆ. ಕೊಡಬಹುದೇ?
— ಒಬ್ಬ ತಾಯಿ, ಶಿರಸಿ ತಾಲ್ಲೂಕು

ಸಂಪಾದಕರ ಉತ್ತರ

ಏಜೆಂಟರಿಗೆ ಒಟಿಪಿ ಕೊಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ನಾಲ್ಕನೇ ತರಗತಿಯ ಆಧಾರ್ ಮತ್ತು ತಂಗಿಯ ಫೋನ್ ಕರೆ, ಇವೆರಡನ್ನೂ ನೀವು ಮಾತಿನ ಓಘದಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ತೊಂದರೆಯ ಬುಡ ಇರುವುದು ಅಲ್ಲೇ.

ಮೊದಲು ಮುಖದ ವಿಚಾರ. ಸಾರಥಿ ಜಾಲತಾಣದಲ್ಲಿ ಆಧಾರ್ ಮೂಲಕ ಅರ್ಜಿ ಹಾಕಿದರೆ ಹೆಸರು, ಹುಟ್ಟಿದ ದಿನಾಂಕ, ವಿಳಾಸ ಮಾತ್ರವಲ್ಲ, ಫೋಟೊ ಕೂಡ ಆಧಾರ್‌ನಿಂದಲೇ ಬಂದು ಕೂರುತ್ತದೆ. ಅದನ್ನು ನಾವು ಬದಲಿಸಲಾಗದು. ಪರೀಕ್ಷೆಯ ಹೊತ್ತಿಗೆ ಕ್ಯಾಮೆರಾದಲ್ಲಿ ಕಂಡ ಮುಖವನ್ನು ಹೋಲಿಸುವುದು ಆ ಫೋಟೊದ ಜೊತೆಗೆ. ಒಂಬತ್ತು ಹತ್ತು ವರ್ಷದ ಹುಡುಗಿಯ ದುಂಡು ಕೆನ್ನೆ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ ಒಂದು ಕಡೆ. ಕಾಲೇಜಿಗೆ ಹೋಗುವ, ಬಹುಶಃ ಕನ್ನಡಕವನ್ನೂ ಹಾಕುವ ಯುವತಿ ಇನ್ನೊಂದು ಕಡೆ. ಹೆತ್ತ ತಾಯಿಗೆ ಇದು ಒಂದೇ ಮುಖ. ಯಂತ್ರಕ್ಕೆ ಹಾಗಲ್ಲ.

ಇದೇ ಕಾರಣಕ್ಕೆ ಮಕ್ಕಳ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಪಾಪೆ, ಫೋಟೊ ಮೂರನ್ನೂ 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಇನ್ನೊಮ್ಮೆ ಹೊಸದಾಗಿ ಕೊಡಬೇಕು ಎಂಬ ನಿಯಮವಿದೆ. ಎರಡನೆಯದನ್ನು 15ರಿಂದ 17ರೊಳಗೆ ಮಾಡಿಸಿದರೆ ಶುಲ್ಕವಿಲ್ಲ. ಹತ್ತನೇ ತರಗತಿಯ ಗಡಿಬಿಡಿಯಲ್ಲಿ ಬಹಳ ಮನೆಗಳಲ್ಲಿ ಇದು ಮರೆತೇ ಹೋಗುತ್ತದೆ. ನಿಮ್ಮ ಮಗಳದ್ದೂ ಹಾಗೇ ಆಗಿದೆಯೋ ಎಂದು ಮನೆಯಲ್ಲೇ ನೋಡಬಹುದು. myaadhaar.uidai.gov.in ತಾಣದಲ್ಲಿ ಒಟಿಪಿ ಕೊಟ್ಟು ಇ-ಆಧಾರ್ ಇಳಿಸಿಕೊಳ್ಳಿ. ಆ ಕಡತಕ್ಕೆ ಪಾಸ್‌ವರ್ಡ್ ಇರುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದರ ಮುಂದೆ ಹುಟ್ಟಿದ ವರ್ಷ. ಅಂದರೆ ಕಾವ್ಯಾ ಎಂಬ ಹುಡುಗಿ 2007ರಲ್ಲಿ ಹುಟ್ಟಿದ್ದರೆ `KAVY2007`. ತೆರೆದು ಫೋಟೊ ನೋಡಿ. ಅಪರಿಚಿತರೊಬ್ಬರಿಗೆ ಆ ಫೋಟೊ ತೋರಿಸಿ, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿದರೆ ಅವರು ತಡವರಿಸುತ್ತಾರೆಯೇ? ಹಾಗಿದ್ದರೆ ಯಂತ್ರವೂ ತಡವರಿಸುತ್ತದೆ.

ಫೋಟೊ ಬದಲಿಸಲು ಆನ್‌ಲೈನ್ ದಾರಿ ಇಲ್ಲ. ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿರುವ ಆಧಾರ್ ಕೇಂದ್ರಕ್ಕೆ ಮಗಳೇ ಹೋಗಬೇಕು. 17 ದಾಟಿರುವುದರಿಂದ ಶುಲ್ಕ ಬೀಳುತ್ತದೆ. ರಸೀದಿ ಕೇಳಿ ಇಟ್ಟುಕೊಳ್ಳಿ. ಹೊಸ ಫೋಟೊ ದಾಖಲಾಗಲು ಒಂದು ತಿಂಗಳವರೆಗೂ ಹಿಡಿಯಬಹುದು. ನಿಮ್ಮ ಈಗಿನ ಅರ್ಜಿಯಲ್ಲಿ ಇರುವುದು ಹಳೆಯ ಫೋಟೊವೇ ಎಂಬುದನ್ನೂ ಮರೆಯಬೇಡಿ.

ಆದರೂ ಜಾಗ ಬದಲಿಸಿದ ಮೇಲೆ ಹೊಂದಿತಲ್ಲ ಎನ್ನಬಹುದು. ಹೊಂದಿದ್ದು ಬೆಳಕಿನಿಂದ. ಕಿಟಕಿಗೆ ಬೆನ್ನು ಕೊಟ್ಟು ಕೂತರೆ ಕ್ಯಾಮೆರಾ ಹೊರಗಿನ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪು ಮಾಡುತ್ತದೆ. ಕಿಟಕಿಗೆ ಮುಖ ಮಾಡಿ ಕೂತರೆ ಕಣ್ಣು, ಮೂಗು, ದವಡೆಯ ಗೆರೆ ಸ್ಪಷ್ಟವಾಗುತ್ತದೆ. ಹಳೆಯ ಫೋಟೊ ಅರ್ಧ ಹೊಂದುವ ಸ್ಥಿತಿಯಲ್ಲಿದ್ದಾಗ ಇಷ್ಟು ಬೆಳಕೇ ಅದನ್ನು ಆಚೆ ದಾಟಿಸುತ್ತದೆ. ಕನ್ನಡಕದ ಮೇಲೆ ಪರದೆಯ ಹೊಳಪು ಬೀಳುವುದೂ ಒಂದು ಅಡ್ಡಿ. ಆಧಾರ್ ಫೋಟೊದಲ್ಲಿ ಕನ್ನಡಕ ಇಲ್ಲದಿದ್ದರೆ, ಓದಲು ತೊಂದರೆಯಾಗದಿದ್ದರೆ, ಅದನ್ನು ತೆಗೆದು ಕೂರುವುದು ಒಳ್ಳೆಯದು.

ಕ್ಯಾಮೆರಾ ನೋಡುವುದು ಆರಂಭದಲ್ಲಿ ಮಾತ್ರವಲ್ಲ, ಪರೀಕ್ಷೆಯ ನಡುನಡುವೆಯೂ ಅದರ ಕಣ್ಣು ನಮ್ಮ ಮೇಲಿರುತ್ತದೆ. ನೆಲದ ಮೇಲೆ ಕೂತು ಲ್ಯಾಪ್‌ಟಾಪನ್ನು ಮಡಿಲಲ್ಲಿ ಇಟ್ಟುಕೊಂಡರೆ ಓದಲು ತಲೆ ತಗ್ಗುತ್ತದೆ. ಕ್ಯಾಮೆರಾಗೆ ಕಾಣುವುದು ಬೈತಲೆ ಮಾತ್ರ. ಮೇಜಿನ ಮೇಲೆ ಎರಡು ದಪ್ಪ ಪುಸ್ತಕವಿಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಚೌಕಟ್ಟಿನಲ್ಲಿ ಎರಡನೆಯ ಮುಖ ಇರಬಾರದು. ಮಗಳು ಹೇಗೆ ಉತ್ತರಿಸುತ್ತಾಳೋ ಎಂದು ಹಿಂದೆ ನಿಂತು ಇಣುಕುವ ತಾಯಂದಿರು ಈ ಒಂದು ಅರ್ಧ ಗಂಟೆ ಅಡುಗೆಮನೆಯಲ್ಲೇ ಇರುವುದು ಕ್ಷೇಮ. ಗೋಡೆಯಲ್ಲಿ ಹಾರ ಹಾಕಿದ ಅಜ್ಜನ ಫೋಟೊ ಇದ್ದರೆ ಅದೂ ಚೌಕಟ್ಟಿನೊಳಗೆ ಬರದಂತೆ ಕೂರಬೇಕು. ಮುಖ ಹುಡುಕುವ ತಂತ್ರಾಂಶಕ್ಕೆ ಚಿತ್ರದ ಮುಖವೂ ಮುಖವೇ.

ಕ್ಯಾಮೆರಾ ತೆರೆದುಕೊಳ್ಳದೇ ಇದ್ದರೆ ಅದು ಬೇರೆ ರೋಗ. ತಾಣವು ಅನುಮತಿ ಕೇಳಿದಾಗ ಒಮ್ಮೆ ಬೇಡ ಎಂದು ಒತ್ತಿದರೆ ಬ್ರೌಸರ್ ಅದನ್ನೇ ನೆನಪಿಟ್ಟುಕೊಂಡು ಮತ್ತೆ ಕೇಳುವುದಿಲ್ಲ. ವಿಳಾಸ ಪಟ್ಟಿಯ ಎಡತುದಿಯ ಚಿಹ್ನೆಯನ್ನು ಒತ್ತಿ, ಅಲ್ಲಿ Camera ಎಂಬಲ್ಲಿ ಅನುಮತಿ ಕೊಟ್ಟು ಪುಟವನ್ನು ಮತ್ತೆ ತೆರೆಯಬೇಕು. ಆನ್‌ಲೈನ್ ತರಗತಿಯ ಕಿಟಕಿಯೊಂದು ಹಿಂದೆ ತೆರೆದಿದ್ದು ಕ್ಯಾಮೆರಾವನ್ನು ಹಿಡಿದುಕೊಂಡಿರುವುದೂ ಉಂಟು. ಇವೆರಡನ್ನೂ ಪರೀಕ್ಷೆಗೆ ಮೊದಲೇ ನೋಡಿಕೊಳ್ಳಿ.

ಇನ್ನು ತಂಗಿಯ ಕರೆ. ನಿಮ್ಮ ಮೊಬೈಲಿನಲ್ಲಿ ಎರಡು ಸಿಮ್ ಇರಬೇಕು ಎಂಬುದು ನನ್ನ ಊಹೆ. ಬಹುತೇಕ ಎರಡು ಸಿಮ್ಮಿನ ಫೋನುಗಳಲ್ಲಿ ಒಂದು ಸಿಮ್ಮಿಗೆ ಕರೆ ಬಂದರೆ ಇನ್ನೊಂದು ಸಿಮ್ಮಿನ ಡೇಟಾ ಕರೆ ಮುಗಿಯುವವರೆಗೆ ನಿಂತುಬಿಡುತ್ತದೆ. ಒಂದೇ ಸಿಮ್ ಇದ್ದರೂ 4ಜಿಯಲ್ಲೇ ಕರೆ ನಡೆಸುವ VoLTE ಅದರಲ್ಲಿ ಚಾಲೂ ಇಲ್ಲದಿದ್ದರೆ ಕರೆ ಬಂದೊಡನೆ ಫೋನು 4ಜಿ ಬಿಟ್ಟು ಕೆಳಗಿಳಿಯುತ್ತದೆ, ಡೇಟಾ ಕಡಿಯುತ್ತದೆ. ಎರಡರಲ್ಲೂ ಹಾಟ್‌ಸ್ಪಾಟ್ ಹಚ್ಚಿದಂತೆಯೇ ಕಾಣುತ್ತದೆ, ಲ್ಯಾಪ್‌ಟಾಪ್‌ನಲ್ಲಿ ವೈಫೈ ಗೆರೆಗಳು ತುಂಬಿರುತ್ತವೆ. ಒಳಗೆ ಮಾತ್ರ ಏನೂ ಹರಿಯುವುದಿಲ್ಲ. ಮಲೆನಾಡಿನಲ್ಲಿ ಟವರ್ ಹೋಗುವುದು ಹೊಸದೇನಲ್ಲವಾದ್ದರಿಂದ ನಾವು ಎಲ್ಲಕ್ಕೂ ಅದನ್ನೇ ಬೈಯುತ್ತೇವೆ.

ಹೌದೋ ಅಲ್ಲವೋ ಎಂದು ತಿಳಿಯುವುದು ಸುಲಭ. ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪ್‌ನಲ್ಲಿ ಯಾವುದಾದರೂ ವಿಡಿಯೊ ಓಡಿಸಿ. ತಂಗಿಗೆ ಹೇಳಿ, ಮೊದಲು ಒಂದು ಸಿಮ್ಮಿಗೆ, ಆಮೇಲೆ ಇನ್ನೊಂದಕ್ಕೆ ಕರೆ ಮಾಡಿಸಿ. ಕರೆ ಎತ್ತಿ ಒಂದು ನಿಮಿಷ ಮಾತಾಡುತ್ತಾ ಇರಿ. ವಿಡಿಯೊ ಯಾವ ಕರೆಗೆ ನಿಲ್ಲುತ್ತದೋ ಕಳ್ಳ ಅದೇ. ಆ ಸಿಮ್ಮನ್ನು ಪರೀಕ್ಷೆಯ ಹೊತ್ತಿಗೆ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದರೆ ಆಯಿತು. ಡೇಟಾ ಇರುವ ಸಿಮ್ಮೇ ಕಳ್ಳನಾದರೆ ಸೆಟ್ಟಿಂಗ್‌ನಲ್ಲಿ VoLTE ಹಚ್ಚಿ ಮತ್ತೆ ಪರೀಕ್ಷಿಸಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಪರೀಕ್ಷೆಯ ಪಾಸ್‌ವರ್ಡ್ ಎಸ್‌ಎಂಎಸ್ ಬರುವುದು ಅರ್ಜಿಯಲ್ಲಿ ಕೊಟ್ಟ ನಂಬರಿಗೆ. ಆಫ್ ಮಾಡುವ ಸಿಮ್ ಅದೇ ಆಗಿದ್ದರೆ ಪರೀಕ್ಷೆಗೆ ಮುನ್ನ ತಾಣ ತೋರಿಸುವ ರಸ್ತೆ ಸುರಕ್ಷತೆಯ ವಿಡಿಯೊವನ್ನು ಮೊದಲು ಪೂರ್ತಿ ನೋಡಿ ಮುಗಿಸಿ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದುಕೊಂಡು ಆಮೇಲೆ ಆಫ್ ಮಾಡಬೇಕು. ಏರೋಪ್ಲೇನ್ ಮೋಡ್ ಹಾಕಿದರೆ ಡೇಟಾವೇ ಹೋಗುತ್ತದೆ, ಆ ಉಪಾಯ ಬೇಡ. ನಡುವೆ ಸಂಪರ್ಕ ತೂಕಡಿಸಿದರೆ ಹಿಂದಕ್ಕೆ ಹೋಗುವ ಗುಂಡಿಯನ್ನಾಗಲಿ ರಿಫ್ರೆಶ್ ಆಗಲಿ ಒತ್ತಬೇಡಿ. ಬೇರೆ ವೈಫೈಗೆ ಹಾರಲೂ ಬೇಡಿ.

ಹಾಗಾದರೆ ಅವಳು ಫೇಲಾದಳೇ? ಪರದೆ ಆರಿಹೋದ ಮಾತ್ರಕ್ಕೆ ಫೇಲ್ ಎಂದುಕೊಳ್ಳಬೇಡಿ. ಸಾರಥಿಯ ಮುಖಪುಟದಲ್ಲಿ Application Status ಎಂಬುದನ್ನು ತೆರೆದು ಅರ್ಜಿ ಸಂಖ್ಯೆ, ಹುಟ್ಟಿದ ದಿನಾಂಕ ಕೊಡಿ. ಪರೀಕ್ಷೆ ಇನ್ನೂ ಬಾಕಿ ಎಂದು ತೋರಿಸಿದರೆ ಅದೇ ಅರ್ಜಿ ಸಂಖ್ಯೆ, ಅದೇ ಪಾಸ್‌ವರ್ಡ್‌ನಿಂದ ಮತ್ತೆ ಒಳಗೆ ಹೋಗಲು ಪ್ರಯತ್ನಿಸಬಹುದು. ಅನುತ್ತೀರ್ಣ ಎಂದು ಬಂದಿದ್ದರೂ ಹೊಸ ಅರ್ಜಿ ಬೇಡ. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಎಲ್‌ಎಲ್ ಶುಲ್ಕ ಪ್ರತಿ ವರ್ಗದ ವಾಹನಕ್ಕೆ 150 ರೂಪಾಯಿ, ಪರೀಕ್ಷೆಗೆ ಅಥವಾ ಮರುಪರೀಕ್ಷೆಗೆ 50 ರೂಪಾಯಿ. ನೀವು ಮತ್ತೆ ಕಟ್ಟಬೇಕಾಗಿ ಬಂದರೆ ಅದು ಮರುಪರೀಕ್ಷೆಯ 50 ಮಾತ್ರ. ಕಟ್ಟುವಾಗ ಖಾತೆಯಿಂದ ಹಣ ಹೋಗಿ ರಸೀದಿ ಬಾರದಿದ್ದರೆ ಗಾಬರಿಯಿಂದ ಎರಡನೇ ಸಲ ಕಟ್ಟಬೇಡಿ. Verify Pay Status ಎಂಬಲ್ಲಿ ಅರ್ಜಿ ಸಂಖ್ಯೆ ಕೊಟ್ಟು ನೋಡಿ. ಬ್ಯಾಂಕಿನಿಂದ ಬಂದ ಉತ್ತರವನ್ನು ಅದು ಮತ್ತೆ ವಿಚಾರಿಸುತ್ತದೆ.

ಈಗ ಏಜೆಂಟರ ಎರಡು ಸಾವಿರದ ಪಕ್ಕದಲ್ಲಿ ಈ 50 ರೂಪಾಯಿಯನ್ನು ಇಟ್ಟು ನೋಡಿ. ಹಣಕ್ಕಿಂತ ಒಟಿಪಿಯ ಮಾತು ದೊಡ್ಡದು. ಆಧಾರ್ ಒಟಿಪಿ ಎಂದರೆ, ‘ನನ್ನ ವಿವರವನ್ನು ಇವರಿಗೆ ಕೊಡಿ’ ಎಂದು ನಿಮ್ಮ ಮಗಳು ಹಾಕುವ ಸಹಿ. ಆ ಕ್ಷಣದಲ್ಲಿ ಯಾವ ಪುಟ ತೆರೆದಿತ್ತು ಎಂಬುದು ನಿಮಗೆ ಕಾಣುವುದಿಲ್ಲ. ಅವರು ಹೇಳಿದಂತೆ ‘ಮುಗಿಸಿಕೊಡಬೇಕಾದರೆ’ ಕ್ಯಾಮೆರಾದ ಮುಂದೆ ಕೂರುವವರು ಯಾರು ಎಂಬ ಪ್ರಶ್ನೆಯೂ ಇದೆ. ಅವಳೇ ಕೂತು ಅವರು ಪಕ್ಕದಿಂದ ಉತ್ತರ ಹೇಳಿದರೆ ಎರಡನೆಯ ಮುಖದ ತೊಂದರೆ. ಬೇರೆ ಯಾರೋ ಕೂತರೆ ಅದು ವಂಚನೆ, ಮತ್ತು ಅರ್ಜಿ ಇರುವುದು ಮಗಳ ಹೆಸರಿನಲ್ಲಿ. ಪ್ರಶ್ನೆಗಳಂತೂ ರಸ್ತೆಯ ಚಿಹ್ನೆ, ಯಾರಿಗೆ ದಾರಿ ಬಿಡಬೇಕು, ಅಪಘಾತವಾದಾಗ ಚಾಲಕ ಏನು ಮಾಡಬೇಕು ಎಂಬಂಥವು. ಶೇಕಡ 60 ಸರಿಯಾದರೆ ಸಾಕು, ಕನ್ನಡದಲ್ಲೇ ಬರೆಯಬಹುದು. ಆರು ಪ್ರಶ್ನೆ ದಾಟಿದ ಹುಡುಗಿಗೆ ಇದಕ್ಕೆ ಇನ್ನೊಬ್ಬರ ನೆರವು ಬೇಕಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತೇನೆ. ಇವತ್ತೇ ಅರ್ಜಿಯ ಸ್ಥಿತಿ ನೋಡುತ್ತೇನೆ. ಬಾಕಿ ಎಂದಿದ್ದರೆ, ಸಿಮ್ ಸರಿಮಾಡಿಕೊಂಡು, ಬೆಳಗಿನ ಬೆಳಕಿನಲ್ಲಿ ಕಿಟಕಿಗೆ ಮುಖ ಮಾಡಿ ಮನೆಯಲ್ಲೇ ಇನ್ನೊಮ್ಮೆ ಕೂರಿಸುತ್ತೇನೆ. ಆಗಲೂ ಮುಖ ಹೊಂದದಿದ್ದರೆ ಕ್ಯಾಮೆರಾದ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ಅರ್ಜಿಯ ಪ್ರತಿ, ಶುಲ್ಕದ ರಸೀದಿ, ಮೂಲ ಆಧಾರ್ ಹಿಡಿದು ಮಗಳನ್ನು ಸಾರಿಗೆ ಕಚೇರಿಗೆ ಕಳಿಸಿ, ಮುಖ ಹೊಂದದ್ದರಿಂದ ಪರೀಕ್ಷೆಯನ್ನು ಅಲ್ಲೇ ಬರೆಯಲು ದಿನ ಕೇಳಲು ಹೇಳುತ್ತೇನೆ. ಶಿರಸಿಯಲ್ಲೇ ಕಚೇರಿ ಇರುವುದರಿಂದ ಕಾರವಾರದವರೆಗೆ ಹೋಗುವ ಕಷ್ಟವಿಲ್ಲ. ಆಧಾರ್ ಫೋಟೊವನ್ನೂ ಅದೇ ದಿನ ಅಂಚೆ ಕಚೇರಿಯಲ್ಲಿ ಬದಲಿಸಲು ಕೊಡಬಹುದು. ಎಲ್‌ಎಲ್ ಕೈಗೆ ಬಂದ ಮೇಲೆ 30 ದಿನ ಕಳೆಯದೆ ಚಾಲನಾ ಪರೀಕ್ಷೆ ಕೊಡುವಂತಿಲ್ಲ, ಎಲ್‌ಎಲ್ ಇರುವುದು ಆರು ತಿಂಗಳು. ಹಾಗಾಗಿ ಹೊಸ ಫೋಟೊ ಬರಲು ತಿಂಗಳಾದರೂ ಅವಳ ಸ್ಕೂಟರ್ ಕಲಿಕೆಗೆ ಅದರಿಂದ ಅಡ್ಡಿಯಿಲ್ಲ.