ಏಳೂವರೆ, ಹತ್ತು, ಹದಿನೆಂಟು: ಮೂರನ್ನೂ ಕೂಡಿದರೆ ಡ್ಯೂಟಿಯ ಲೆಕ್ಕ ಸಿಗುವುದಿಲ್ಲ

ಪ್ರಶ್ನೆ: ಚೀನಾದಿಂದ ವಿಮಾನದಲ್ಲಿ ಒಂದು ಸಣ್ಣ ಪ್ಯಾಕಿಂಗ್ ಯಂತ್ರ ಬೆಂಗಳೂರಿಗೆ ಬರ್ತಿದೆ. ಎಫ್‌ಒಬಿ ಬೆಲೆ 4,00,000 ರೂಪಾಯಿ, ಸಾಗಣೆ 1,12,000, ವಿಮೆ ಮಾಡಿಸಿಲ್ಲ. ಡ್ಯೂಟಿ 7.5%, ಸರ್‌ಚಾರ್ಜ್ 10%, ಐಜಿಎಸ್‌ಟಿ 18% ಅಂತಾರೆ. ಒಟ್ಟು 35.5% ಆಗಬೇಕಲ್ವಾ? ಏಜೆಂಟ್ 1,34,376 ಕಟ್ಟಿ ಅಂತಿದ್ದಾರೆ. ಯಾವುದು ಸರಿ?

ನಿಮ್ಮ ಏಜೆಂಟ್ ಹೇಳಿದ್ದೇ ಸರಿ. ಹನ್ನೊಂದು ವರ್ಷಗಳಿಂದ ನಮ್ಮ ಘಟಕಕ್ಕೆ ಬಿಡಿಭಾಗ, ಯಂತ್ರ ತರಿಸುತ್ತಿದ್ದೇನೆ. ಈ ಲೆಕ್ಕವನ್ನು ಪ್ರತಿ ಸಲವೂ ಕೈಯಾರೆ ಹಾಕಿ ನೋಡುತ್ತೇನೆ.

ಮೊದಲು ಮೌಲ್ಯ ನಿಗದಿಯಾಗಬೇಕು. ಕಸ್ಟಮ್ಸ್ ತೆರಿಗೆ ಹಾಕುವುದು ಇನ್‌ವಾಯ್ಸಿನ 4 ಲಕ್ಷದ ಮೇಲಲ್ಲ. ಸರಕು ಇಲ್ಲಿಗೆ ತಲುಪುವ ಹೊತ್ತಿಗೆ ಸಾಗಣೆ ಮತ್ತು ವಿಮೆ ಸೇರಿ ಆಗುವ ಮೌಲ್ಯದ ಮೇಲೆ. ಇದನ್ನೇ ಅಸೆಸಬಲ್ ವ್ಯಾಲ್ಯೂ ಅನ್ನುತ್ತಾರೆ. ಡಾಲರನ್ನು ರೂಪಾಯಿಗೆ ತಿರುಗಿಸುವುದೂ ಬ್ಯಾಂಕು ನಿಮಗೆ ಹಾಕಿದ ದರದಲ್ಲಲ್ಲ, ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಜಾರಿಯಲ್ಲಿರುವ ಕಸ್ಟಮ್ಸ್ ದರದಲ್ಲಿ. ನಿಮ್ಮ 4 ಲಕ್ಷ ಆ ದರದಲ್ಲೇ ಬಂದದ್ದು ಎಂದುಕೊಳ್ಳುತ್ತೇನೆ.

ಸಾಗಣೆಯ ವಿಷಯದಲ್ಲಿ ನಿಮಗೆ ಅನುಕೂಲವಾದ ಒಂದು ನಿಯಮವಿದೆ. ವಿಮಾನದಲ್ಲಿ ಬಂದ ಸರಕಿಗೆ ನೀವು ಎಷ್ಟೇ ಬಾಡಿಗೆ ಕೊಟ್ಟಿರಲಿ, ಮೌಲ್ಯಕ್ಕೆ ಸೇರಿಸುವುದು ಎಫ್‌ಒಬಿ ಬೆಲೆಯ 20% ವರೆಗೆ ಮಾತ್ರ. ಹಾಗಾಗಿ 1,12,000ದ ಬದಲು 80,000 ಸೇರುತ್ತದೆ. ಹಡಗಿನಲ್ಲಿ ಬಂದಿದ್ದರೆ ಈ ಮಿತಿ ಇರುತ್ತಿರಲಿಲ್ಲ, ಕೊಟ್ಟಷ್ಟೂ ಸೇರುತ್ತಿತ್ತು. ವಿಮೆ ಮಾಡಿಸದಿದ್ದರೂ ಅದರ ಬಾಬ್ತು ತಪ್ಪುವುದಿಲ್ಲ: ಎಫ್‌ಒಬಿ ಬೆಲೆಯ 1.125%, ಅಂದರೆ 4,500 ರೂಪಾಯಿ ಹಿಡಿಯುತ್ತಾರೆ. ಎಲ್ಲ ಕೂಡಿ ನಿಮ್ಮ ಮೌಲ್ಯ 4,84,500.

ಇದರ ಮೇಲೆ ಮೂಲ ಡ್ಯೂಟಿ 7.5%, ಅಂದರೆ 36,337.50. ಮುಂದಿನದರಲ್ಲೇ ನೀವು ಎಡವಿದ್ದು. ಸರ್‌ಚಾರ್ಜಿನ 10% ಯಂತ್ರದ ಮೌಲ್ಯದ ಮೇಲಲ್ಲ, ಈಗಷ್ಟೇ ಬಂದ ಡ್ಯೂಟಿಯ ಮೇಲೆ. ಹಾಗಾಗಿ ಅದು ಬರೀ 3,633.75. 2018ರ ಫೆಬ್ರವರಿಗೆ ಮುಂಚೆ ಈ ಜಾಗದಲ್ಲಿ 3% ಶಿಕ್ಷಣ ಸೆಸ್ ಇತ್ತು. ಹಳೆಯ ಬಿಲ್ ಎದುರಿಗಿಟ್ಟುಕೊಂಡು ಲೆಕ್ಕ ಹಾಕಬೇಡಿ.

ಐಜಿಎಸ್‌ಟಿ ಕೊನೆಗೆ ಬರುತ್ತದೆ, ಅದುವರೆಗೆ ಸೇರಿದ್ದೆಲ್ಲದರ ಮೇಲೆ. ಮೌಲ್ಯ, ಡ್ಯೂಟಿ, ಸರ್‌ಚಾರ್ಜ್ ಕೂಡಿದರೆ 5,24,471.25, ಅದರ 18% ಎಂದರೆ 94,404.83. ಡ್ಯೂಟಿಯ ಮೇಲೂ ತೆರಿಗೆ ಕಟ್ಟುತ್ತಿದ್ದೀರಿ ಎಂದಾಯಿತು. ಮೂರನ್ನೂ ಕೂಡಿ ನೋಡಿ, ಏಜೆಂಟ್ ಹೇಳಿದ ಮೊತ್ತವೇ ಬರುತ್ತದೆ. ಈ ದರಗಳಿರುವ ಯಾವ ಸರಕಿಗಾದರೂ ಅದು ಮೌಲ್ಯದ 27.735% ಆಗುತ್ತದೆ. ಈ ಒಂದು ಅಂಕಿ ನೆನಪಿದ್ದರೆ ಆರ್ಡರ್ ಕೊಡುವ ಮೊದಲೇ ಅಂದಾಜು ಸಿಗುತ್ತದೆ.

ಬಿಲ್ ಆಫ್ ಎಂಟ್ರಿ ಸಲ್ಲಿಸುವ ಮುಂಚೆ ಏಜೆಂಟ್ ಒಂದು ಚೆಕ್‌ಲಿಸ್ಟ್ ಕಳಿಸುತ್ತಾರೆ. ಅದನ್ನು ದಯವಿಟ್ಟು ಓದದೆ ಒಪ್ಪಬೇಡಿ. ನನ್ನದೊಂದು ಸರಕಿಗೆ ಹೀಗೇ ಸಾಗಣೆಯನ್ನು ಪೂರ್ತಿ ಹಾಕಿಬಿಟ್ಟಿದ್ದರು. ನಾನೂ ಅವಸರದಲ್ಲಿ ಸರಿ ಎಂದೆ. ನಿಮ್ಮ ಅಂಕಿಗಳಲ್ಲೇ ಹೇಳುವುದಾದರೆ ಮೌಲ್ಯ 32,000 ಹೆಚ್ಚಿ, ಸುಮಾರು 8,875 ರೂಪಾಯಿ ಜಾಸ್ತಿ ಕಟ್ಟಬೇಕಾಗುತ್ತಿತ್ತು. ಸರಕು ಹೊರಬಂದ ಮೇಲೆ ತಿದ್ದಿಸಲು ಕಸ್ಟಮ್ಸ್ ಕಾಯ್ದೆಯ 149ನೇ ಕಲಮಿನಡಿ ಅರ್ಜಿ ಕೊಡಬೇಕು. ಸರಕು ಬಿಡುಗಡೆಯಾದಾಗಲೇ ಇದ್ದ ದಾಖಲೆ ತೋರಿಸಬೇಕು, ಆಮೇಲೆ ರೀಫಂಡಿಗೆ ಬೇರೆ ಅರ್ಜಿ. ಚೆಕ್‌ಲಿಸ್ಟ್‌ನಲ್ಲಿ ಸಾಗಣೆಯ ಕಾಲಂ ನೋಡಲು ಎರಡು ನಿಮಿಷ ಸಾಕಿತ್ತು.

ಅದೇ ಚೆಕ್‌ಲಿಸ್ಟ್‌ನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಸರಿಯಿದೆಯೇ ಎಂದೂ ನೋಡಿ. ಆ 94,405 ರೂಪಾಯಿ ನಿಮಗೆ ಕ್ರೆಡಿಟ್ ಆಗಿ ವಾಪಸ್ ಸಿಗುವಂಥದ್ದು. ಸಂಖ್ಯೆ ತಪ್ಪಿದ್ದರೆ ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಅದು ಕಾಣಿಸುವುದೇ ಇಲ್ಲ. ಡ್ಯೂಟಿ ಮತ್ತು ಸರ್‌ಚಾರ್ಜ್, ಒಟ್ಟು 39,971 ರೂಪಾಯಿ, ಮಾತ್ರ ವಾಪಸ್ ಬರದ ಖರ್ಚು. ಯಂತ್ರದ ಬೆಲೆಗೆ ಸೇರಿಸಬೇಕಾದದ್ದು ಇದನ್ನೇ. ಐಜಿಎಸ್‌ಟಿಯನ್ನೂ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿ ತೆಗೆದರೆ ಆ ಕ್ರೆಡಿಟ್ ಕೈತಪ್ಪುತ್ತದೆ, ಹಾಗಾಗಿ ಪುಸ್ತಕದಲ್ಲಿ ಬರೆದುಕೊಳ್ಳುವ ಮುಂಚೆಯೇ ನಿಮ್ಮ ಆಡಿಟರಿಗೆ ಇದನ್ನು ಹೇಳಿಡಿ.