ಅವರ ಮಾತು ಇವರಿಗೆ ತಲುಪಿಸೋದನ್ನ ನಿಲ್ಲಿಸಿ

"ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು ಅಪ್ಪ ಅಮ್ಮನ ಜೊತೆಗೇ ಇದ್ದೇವೆ. ಸಂಜೆ ಮನೆಗೆ ಬಂದ ತಕ್ಷಣ ಅಮ್ಮ ಕೋಣೆಗೆ ಕರೆದು ಸೊಸೆಯ ಮೇಲೆ ದೂರು ಹೇಳುತ್ತಾರೆ. ರಾತ್ರಿ ಹೆಂಡತಿ ಅಮ್ಮನ ಮೇಲೆ ಹೇಳುತ್ತಾಳೆ. ಜಗಳ ಆಗದಿರಲಿ ಅಂತ ಇಬ್ಬರ ಮಾತನ್ನೂ ಸ್ವಲ್ಪ ಮೆತ್ತಗೆ ಮಾಡಿ ತಲುಪಿಸುತ್ತೇನೆ. ಅಪ್ಪ ಶಾಂತ ಸ್ವಭಾವದವರು, ಯಾವುದಕ್ಕೂ ತಲೆಹಾಕುವುದಿಲ್ಲ. ಮಗಳು ಚೂಟಿ, ನಾನು ಚಪ್ಪಲಿ ಬಿಡುವಷ್ಟರಲ್ಲೇ 'ಇವತ್ತು ಅಜ್ಜಿ ಮೂಡ್ ಸರಿಯಿಲ್ಲ' ಅಂತ ಹೇಳಿಬಿಡುತ್ತಾಳೆ. ಈಚೆಗೆ ಅವಳಿಗೆ ಆಗಾಗ ಹೊಟ್ಟೆನೋವು. ಡಾಕ್ಟರು ಏನೂ ತೊಂದರೆ ಇಲ್ಲ ಅಂದರು. ನಾನು ಯಾರ ಪರ ನಿಲ್ಲಲಿ? ಬೇರೆ ಮನೆ ಮಾಡಲೇ?"

ನಿಮ್ಮ ಪತ್ರದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಅತ್ತೆ ಸೊಸೆಯ ಜಗಳ ಅಲ್ಲ. ಚಪ್ಪಲಿ ಬಿಡುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಾಳಲ್ಲ, ಆ ಹುಡುಗಿ. ನೀವು ಅದನ್ನು ಚೂಟಿತನ ಅಂದುಕೊಂಡಿದ್ದೀರಿ. ನನಗೆ ಅಲ್ಲಿ ಕಾವಲು ಕಾಯುತ್ತಿರುವ ಮಗು ಕಾಣಿಸಿತು. ಶಾಲೆಯಿಂದ ಬಂದಮೇಲೆ ಆಡಿಕೊಂಡಿರಬೇಕಾದವಳು ಅಜ್ಜಿಯ ಮುಖ ನೋಡುತ್ತಾಳೆ, ಅಮ್ಮ ಪಾತ್ರೆ ಇಡುವ ಸದ್ದು ಕೇಳುತ್ತಾಳೆ, ಲೆಕ್ಕ ಹಾಕಿ ಅಪ್ಪನಿಗೆ ವರದಿ ಒಪ್ಪಿಸುತ್ತಾಳೆ. ಈ ಕೆಲಸವನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ನಿಮ್ಮನ್ನು ನೋಡಿ ಕಲಿತಳು.

ಕುಟುಂಬ ಚಿಕಿತ್ಸೆಯಲ್ಲಿ ಇದಕ್ಕೆ ಟ್ರಯಾಂಗ್ಯುಲೇಶನ್ ಅಂತಾರೆ. ಇಬ್ಬರ ನಡುವೆ ಬಿಗುವಾದಾಗ ಅದನ್ನು ತಾಳಲಾರದೆ ಮೂರನೆಯವರನ್ನು ಎಳೆದುಕೊಳ್ಳುವುದು. ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ 1950ರ ದಶಕದಲ್ಲಿ ಇಡೀ ಕುಟುಂಬಗಳನ್ನೇ ಆಸ್ಪತ್ರೆಯ ವಾರ್ಡಿನಲ್ಲಿ ಇರಿಸಿಕೊಂಡು ಗಮನಿಸಿದರು. ಅವರು ಮುಂದೆ ಕಟ್ಟಿದ ಸಿದ್ಧಾಂತದಲ್ಲಿ ಈ ತ್ರಿಕೋನಕ್ಕೆ ದೊಡ್ಡ ಜಾಗ ಇದೆ. ಮೂರನೆಯವರು ಬಂದರೆ ಬಿಸಿ ಆ ಕ್ಷಣಕ್ಕೆ ಇಳಿಯುತ್ತೆ. ಆದರೆ ಮೂಲ ಸಮಸ್ಯೆ ಇದ್ದಲ್ಲೇ ಇರುತ್ತೆ.

ನಿಮ್ಮ ಮನೆಯಲ್ಲಿ ಇದು ಹೇಗೆ ನಡೆಯುತ್ತೆ ಅಂತ ಊಹಿಸಿ ನೋಡಿ. ಸೊಸೆ ಹಾಲಿನ ಕರ್ಟನ್ ಬದಲಾಯಿಸಿದಳು ಅಂತಿಟ್ಟುಕೊಳ್ಳಿ. "ನನ್ನನ್ನು ಒಂದು ಮಾತು ಕೇಳಲಿಲ್ಲ" ಅಂತ ಅಮ್ಮ ನಿಮ್ಮ ಹತ್ತಿರ ಹೇಳಿದರು. ನೀವು ಹೆಂಡತಿಗೆ "ಅಮ್ಮನಿಗೆ ಹಳೇ ಕರ್ಟನ್ನೇ ಇಷ್ಟ ಇತ್ತಂತೆ" ಅಂದಿರಿ. ಅಮ್ಮನಿಗೆ ನೋವಾಗಿದ್ದು ಕೇಳದೇ ಇದ್ದುದಕ್ಕೆ, ಅದು ದಾರಿಯಲ್ಲೇ ಬಿದ್ದುಹೋಯಿತು. ಹೆಂಡತಿಗೆ ಕೇಳಿಸಿದ್ದು ಒಂದೇ, ಗಂಡ ಅಮ್ಮನ ಕಡೆಯ ತೀರ್ಪು ಹೊತ್ತು ತಂದ ಅಂತ. ಅವಳು ಎರಡು ದಿನ ಮಾತು ಬಿಟ್ಟಳು. ನೀವು ಹೋಗಿ ಅಮ್ಮನಿಗೆ "ಅವಳಿಗೆ ಬೇಜಾರಾಗಿದೆ" ಅಂದಿರಿ. ಅತ್ತೆ ಸೊಸೆ ಮಾತ್ರ ಕರ್ಟನ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರಿಬ್ಬರಿಗೆ ಒಬ್ಬರ ಹತ್ತಿರ ಒಬ್ಬರು ಮಾತಾಡೋ ಅಭ್ಯಾಸವೇ ತಪ್ಪಿಹೋಗಿದೆ, ಯಾಕಂದ್ರೆ ನೀವಿದ್ದೀರಿ.

ನಿಮ್ಮ ಹೆಂಡತಿಯ ಮೇಲೆ ನನಗೆ ಮರುಕ ಜಾಸ್ತಿ. ತನ್ನ ಬಗ್ಗೆ ದಿನಾ ಒಂದು ಮುಚ್ಚಿದ ಕೋಣೆಯಲ್ಲಿ ಮಾತು ನಡೆಯುತ್ತೆ ಅಂತ ಗೊತ್ತಿದ್ದೂ ಅದೇ ಮನೆಯಲ್ಲಿ ಓಡಾಡೋದು ಸುಲಭ ಅಲ್ಲ. ನಿಮ್ಮ ತಾಯಿಯ ಮೇಲೂ ನನಗೆ ಕೋಪ ಬರಲಿಲ್ಲ. ಕೋಪ ಬಂದಿದ್ದು ನಿಮ್ಮ ತಂದೆಯ ಮೇಲೆ. ಪತ್ರದಲ್ಲಿ ಅವರಿಗೆ ಒಂದೇ ಸಾಲು ಕೊಟ್ಟು ಬಿಟ್ಟಿದ್ದೀರಿ. ಗಂಡ ಪಕ್ಕದಲ್ಲೇ ಕೂತಿರುವಾಗ ಒಬ್ಬ ಹೆಂಗಸು ತನ್ನ ದುಃಖ ಹೇಳಿಕೊಳ್ಳೋಕೆ ಸಂಜೆವರೆಗೆ ಮಗನಿಗೆ ಕಾಯುತ್ತಾರೆ ಅಂದ್ರೆ, ಆ ಗಂಡ ಎಷ್ಟೋ ವರ್ಷದ ಹಿಂದೆಯೇ ಕೇಳಿಸಿಕೊಳ್ಳೋದು ಬಿಟ್ಟಿರಬೇಕು. ಇದನ್ನು ಶಾಂತ ಸ್ವಭಾವ ಅನ್ನೋದಕ್ಕೆ ನಾನು ಒಪ್ಪಲ್ಲ. ಅವರು ಖಾಲಿ ಬಿಟ್ಟ ಜಾಗದಲ್ಲಿ ಚಿಕ್ಕಂದಿನಿಂದ ನೀವು ಕೂತಿದ್ದೀರಿ. ಈಗ ನೀವು ಹೆಂಡತಿ ಪಕ್ಕದಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಮಗಳು ಬರುತ್ತಿದ್ದಾಳೆ.

ಸಾಲ್ವಡೋರ್ ಮಿನುಚಿನ್ ಅನ್ನುವ ಕುಟುಂಬ ಚಿಕಿತ್ಸಕರ ತಂಡ 1970ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಸಕ್ಕರೆ ಕಾಯಿಲೆಯ ಮಕ್ಕಳ ಮೇಲೆ ಒಂದು ಪರೀಕ್ಷೆ ನಡೆಸಿತು. ಅಪ್ಪ ಅಮ್ಮ ಒಂದು ಕೋಣೆಯಲ್ಲಿ ವಾದ ಮಾಡುತ್ತಿದ್ದರು, ಮಗು ಗಾಜಿನ ಆಚೆಯಿಂದ ನೋಡುತ್ತಿತ್ತು. ಆಮೇಲೆ ಮಗುವನ್ನು ಒಳಗೆ ಕರೆದರು. ಒತ್ತಡಕ್ಕೆ ಏರುವ ಒಂದು ಕೊಬ್ಬಿನ ಅಂಶವನ್ನು ರಕ್ತದಲ್ಲಿ ಅಳೆಯುತ್ತಾ ಹೋದರು. ಕೆಲವು ಮನೆಗಳಲ್ಲಿ ಮಗು ಒಳಗೆ ಬಂದಮೇಲೆ ಹೆತ್ತವರ ಮಟ್ಟ ಇಳಿಯಿತು, ಮಗುವಿನದು ಏರಿತು. ಆ ಅಧ್ಯಯನ ಚಿಕ್ಕದು, ಅದರ ವಿಧಾನದ ಬಗ್ಗೆ ಮುಂದೆ ಆಕ್ಷೇಪಗಳೂ ಬಂದವು. ನಿಮ್ಮ ಮಗಳ ಹೊಟ್ಟೆನೋವಿಗೆ ಇದೇ ಕಾರಣ ಅಂತ ಅದರಿಂದ ಹೇಳೋಕಾಗಲ್ಲ. ಆದರೆ ನೋವು ಯಾವ ದಿನ ಬರುತ್ತೆ, ಅದರ ಹಿಂದಿನ ಸಂಜೆ ಮನೆ ಹೇಗಿತ್ತು ಅಂತ ಗಮನಿಸಿ. ನೋವು ನಾಟಕ ಅಂತ ಮಾತ್ರ ಯಾರೂ ಅನ್ನಬಾರದು. ತೂಕ ಇಳಿದರೆ, ರಾತ್ರಿ ನೋವಿನಿಂದ ಎಚ್ಚರವಾದರೆ, ವಾಂತಿ ಅಥವಾ ಜ್ವರ ಬಂದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ.

ಬೇರೆ ಮನೆ ಮಾಡೋದರ ಬಗ್ಗೆ ಕೇಳಿದ್ದೀರಿ. ಮಾಡಬಹುದು, ಅದು ತಪ್ಪಲ್ಲ. ಆದರೆ ದೂರು ಫೋನಿನಲ್ಲೂ ಬರುತ್ತೆ. ಮೂರು ತಲೆಮಾರು ಒಂದೇ ಸೂರಿನಡಿ ಇರೋದೇ ರೋಗ ಅನ್ನೋ ಮಾತು ನನಗೆ ಹಿಡಿಸಲ್ಲ. ಮಿನುಚಿನ್ ಎನ್‌ಮೆಷ್‌ಮೆಂಟ್ ಅಂತ ಕರೆದದ್ದು ಹತ್ತಿರ ಇರೋದನ್ನಲ್ಲ. ಒಬ್ಬರಿಗೆ ಮೂಡ್ ಕೆಟ್ಟರೆ ಉಳಿದ ನಾಲ್ವರೂ ಕೆಡಿಸಿಕೊಳ್ಳಲೇಬೇಕು, ಒಬ್ಬರು ಬೇರೆ ಅಭಿಪ್ರಾಯ ಹೇಳಿದರೆ ಅದು ದ್ರೋಹ ಅನ್ನಿಸಿಕೊಳ್ಳುತ್ತೆ, ಅಂಥ ಮನೆಗೆ ಆ ಹೆಸರು. ಅಜ್ಜಿ ಬೇಜಾರಲ್ಲಿದ್ದರೂ ನಿಮ್ಮ ಮಗಳು ಹೊರಗೆ ಹೋಗಿ ನಗುತ್ತಾ ಆಡಬಲ್ಲಳಾ? ಇದೊಂದನ್ನು ಪರೀಕ್ಷಿಸಿ ನೋಡಿ.

ನಿಮಗೆ ನಾನು ಕೊಡುವ ಕೆಲಸ ಒಂದೇ. ಇಂದಿನಿಂದ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸಬೇಡಿ. ಮೆತ್ತಗೆ ಮಾಡಿಯೂ ಬೇಡ, ಒಳ್ಳೆಯ ಉದ್ದೇಶದಿಂದಲೂ ಬೇಡ. ಅಮ್ಮ ದೂರು ತೆಗೆದಾಗ, "ಅಮ್ಮ, ಇದನ್ನ ನೀವೇ ಅವಳ ಹತ್ತಿರ ಹೇಳಿ. ಬೇಕಾದ್ರೆ ನಾನು ಪಕ್ಕದಲ್ಲಿ ಕೂತಿರ್ತೀನಿ, ಮಾತಾಡಲ್ಲ" ಅನ್ನಿ. ಹೆಂಡತಿಗೂ ಇದೇ ಮಾತು. ಹಾಗಂತ ಅಮ್ಮನ ಕೋಣೆಗೆ ಹೋಗೋದನ್ನ ಬಿಟ್ಟೀರಿ ಜೋಕೆ. ಹೆಚ್ಚಿನವರು ಎಡವುವುದು ಇಲ್ಲೇ, ದೂರು ಬೇಡ ಅಂತ ಮನುಷ್ಯರನ್ನೇ ದೂರ ಮಾಡುತ್ತಾರೆ. ಹೋಗಿ ಕೂತುಕೊಳ್ಳಿ, ಅವರ ಮಂಡಿನೋವು ಕೇಳಿ, ಅವರ ಬಾಲ್ಯದ ಕತೆ ಕೇಳಿ. ಇನ್ನೊಬ್ಬರ ವಿಚಾರ ಬಂದಾಗ ಮಾತ್ರ ಆ ಒಂದು ಮಾತು ಹೇಳಿ. ಹೆಂಡತಿ ಜೊತೆಗೂ ದಿನಾ ಸ್ವಲ್ಪ ಹೊತ್ತು ನಿಮ್ಮಿಬ್ಬರದೇ ಮಾತಾಡಿ.

ಮೊದಮೊದಲು ಮನೆ ಇನ್ನೂ ಕೆಡುತ್ತೆ. "ಬದಲಾಗಿಬಿಟ್ಟೆ, ಅವಳು ತಲೆಕೆಡಿಸಿದಳು" ಅಂತ ಅಮ್ಮ ಅಳಬಹುದು. ಹೆಂಡತಿ "ನನ್ನ ಪರ ನಿಲ್ಲಲ್ಲ" ಅನ್ನಬಹುದು. ಬೋವೆನ್ ಇದನ್ನೂ ಗಮನಿಸಿದ್ದರು: ಒಬ್ಬರು ಜಾಗ ಬದಲಿಸಿದರೆ ಉಳಿದವರು ಹಳೇ ಜಾಗಕ್ಕೆ ಎಳೆಯುತ್ತಾರೆ. ಆಗ ವಾದಕ್ಕೂ ಇಳಿಯಬೇಡಿ, ಎದ್ದೂ ಹೋಗಬೇಡಿ. ಒಂದು ವೇಳೆ ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಈ ಸಲಹೆ ನಿಮಗಲ್ಲ. ಅಲ್ಲಿ ಪೆಟ್ಟು ತಿನ್ನುವವರ ಪರ ನಿಲ್ಲಲೇಬೇಕು.

ನಾಳೆ ಸಂಜೆ ಮಗಳು ಬಾಗಿಲಿಗೆ ಬಂದು ಅಜ್ಜಿಯ ಸುದ್ದಿ ಹೇಳಿದರೆ, "ಅದು ದೊಡ್ಡವರ ವಿಷಯ ಪುಟ್ಟಾ, ನಾವು ನೋಡ್ಕೋತೀವಿ. ನೀನು ಇವತ್ತು ಏನಾಡಿದೆ ಹೇಳು" ಅನ್ನಿ. ಗದರಬೇಡಿ. ಅಜ್ಜಿ ಹತ್ತಿರ ಹೋಗಬೇಡ ಅಂತಲೂ ಹೇಳಬೇಡಿ. ಅವಳಿಗೆ ಅಜ್ಜಿ ಬೇಕು.