ಗ್ರಾಚ್ಯುಟಿ: 15 ವರ್ಷವೋ, 16 ವರ್ಷವೋ?

ಪ್ರಶ್ನೆ: ನಮ್ಮ ಕಾಯಂ ನೌಕರರೊಬ್ಬರು 1-7-2009ರಂದು ಸೇರಿ 31-12-2024ರಂದು ನಿವೃತ್ತರಾದರು. ಕೊನೆಯ ಬೇಸಿಕ್ ಮತ್ತು ಡಿಎ ಸೇರಿ 52,000 ರೂಪಾಯಿ. ನನ್ನ ಎಕ್ಸೆಲ್ ಶೀಟ್ 16 ವರ್ಷ ಎನ್ನುತ್ತದೆ, ಆಡಿಟರ್ 15 ಎನ್ನುತ್ತಾರೆ. ಯಾರದು ಸರಿ? ನನ್ನ ಫಾರ್ಮುಲಾ `=ROUND((C2-B2)/365,0)*D2*15/26`.

ಉತ್ತರ: ಆಡಿಟರ್ ಹೇಳಿದ್ದೇ ಸರಿ. ನೀವು ದಿನಗಳನ್ನು 365ರಿಂದ ಭಾಗಿಸಿದ್ದೀರಿ. ಹಾಗಾಗಿ ಲೆಕ್ಕ 15.51ಕ್ಕೆ ಬಂತು, ROUND ಅದನ್ನು 16 ಮಾಡಿತು. ನಿಯಮ ಹೇಳುವುದು ಬೇರೆ. ಪೂರ್ತಿಯಾದ ವರ್ಷಗಳ ಮೇಲೆ ಉಳಿದ ಅವಧಿ 6 ತಿಂಗಳನ್ನು ದಾಟಿದ್ದರೆ ಮಾತ್ರ ಅದನ್ನು ಇನ್ನೊಂದು ವರ್ಷ ಅಂತ ಹಿಡಿಯಬೇಕು. ಇವರದು ಕೊನೆಯ ದಿನವೂ ಸೇರಿ ಸರಿಯಾಗಿ 15 ವರ್ಷ 6 ತಿಂಗಳು. ದಾಟಿಲ್ಲ ಅಲ್ವಾ? ಇನ್ನೊಂದೇ ದಿನ ಕೆಲಸ ಮಾಡಿದ್ದರೆ 16 ಆಗುತ್ತಿತ್ತು.

ಹೀಗೆ ಬರೆಯಿರಿ:

```
E2: =DATEDIF(B2,C2+1,"y")
F2: =E2+(C2+1>EDATE(B2,E2*12+6))
G2: =IF(OR(E2>=5,H2="Y"),MIN(2000000,D2*15/26*F2),0)
```

DATEDIF ಟೈಪ್ ಮಾಡುವಾಗ ಎಕ್ಸೆಲ್ ಅದನ್ನು ಪಟ್ಟಿಯಲ್ಲಿ ತೋರಿಸುವುದಿಲ್ಲ. ಗಾಬರಿಯಾಗಬೇಡಿ, ಪೂರ್ತಿ ಬರೆದರೆ ಕೆಲಸ ಮಾಡುತ್ತದೆ. C2ಗೆ 1 ಕೂಡಿಸಿದ್ದು ಕೊನೆಯ ದಿನವೂ ಸೇವೆಯೇ ಆದ್ದರಿಂದ. F2ದಲ್ಲಿ ಆ ದಿನಾಂಕ ಆರು ತಿಂಗಳ ಗಡಿ ದಾಟಿದೆಯೇ ಅಂತ ನೋಡುತ್ತೇವೆ. ದಾಟಿದ್ದರೆ 1 ಸೇರುತ್ತದೆ, ಇಲ್ಲದಿದ್ದರೆ 0.

ತಿಂಗಳಿಗೆ 26 ಕೆಲಸದ ದಿನ ಅಂತ ಹಿಡಿದು, ವರ್ಷಕ್ಕೆ 15 ದಿನದ ಸಂಬಳ ಕೊಡುತ್ತೇವೆ. 52,000ಕ್ಕೆ ಅದು 30,000 ರೂಪಾಯಿ. 15 ವರ್ಷಕ್ಕೆ 4,50,000. ನಿಮ್ಮ ಶೀಟ್ ಪ್ರಕಾರ 4,80,000 ಆಗುತ್ತಿತ್ತು, ಅಂದರೆ ಪೂರ್ತಿ ಒಂದು ವರ್ಷದ ದುಡ್ಡು ಜಾಸ್ತಿ.

ಗರಿಷ್ಠ ಮಿತಿ 2018ರ ಮಾರ್ಚ್ 29ರಿಂದ 20 ಲಕ್ಷ ರೂಪಾಯಿ. ಗರಿಷ್ಠ ಅಂದ ಕೂಡಲೇ MAX ಬರೆದುಬಿಡುವವರನ್ನು ಬಹಳ ನೋಡಿದ್ದೇನೆ. ಹಾಗೆ ಬರೆದರೆ ಎಲ್ಲರಿಗೂ ಕನಿಷ್ಠ 20 ಲಕ್ಷ ಬಂದುಬಿಡುತ್ತದೆ! ಎರಡರಲ್ಲಿ ಚಿಕ್ಕದನ್ನು ಆರಿಸುವ MIN ಬೇಕು. ಸಂಬಳ 2,60,000, ಸೇವೆ 15 ವರ್ಷ ಅಂದುಕೊಳ್ಳಿ. ಲೆಕ್ಕ 22,50,000 ಬಂದರೂ G2 20,00,000ಕ್ಕೆ ನಿಲ್ಲುತ್ತದೆ. ನಿಮ್ಮ ಸಂಸ್ಥೆಯ ಒಪ್ಪಂದದಲ್ಲಿ ಇದಕ್ಕಿಂತ ಜಾಸ್ತಿ ಕೊಡುತ್ತೇವೆ ಅಂತಿದ್ದರೆ ಆ ಮೊತ್ತವನ್ನೇ ಹಾಕಿ.

ಅರ್ಹತೆಗೆ ಮಾತ್ರ E2 ನೋಡಿ, F2 ಅಲ್ಲ. 4 ವರ್ಷ 7 ತಿಂಗಳು ಮಾಡಿದವರಿಗೆ F2ದಲ್ಲಿ 5 ಬರುತ್ತದೆ, ಆದರೆ ಅದರಿಂದ 5 ವರ್ಷದ ಸೇವೆ ಪೂರ್ತಿಯಾಗುವುದಿಲ್ಲ. ನೌಕರರು ತೀರಿಕೊಂಡಿದ್ದರೆ, ಅಥವಾ ಅಪಘಾತ, ಕಾಯಿಲೆಯಿಂದ ದುಡಿಯಲಾಗದ ಸ್ಥಿತಿಗೆ ಬಂದು ಕೆಲಸ ಬಿಟ್ಟಿದ್ದರೆ 5 ವರ್ಷದ ಷರತ್ತೇ ಇಲ್ಲ. ಅಂಥವರ ಸಾಲಿನ H2ದಲ್ಲಿ Y ಹಾಕಿ. ಮರೆತರೆ ಆ ಕುಟುಂಬದ ಮುಂದೆ ಸೊನ್ನೆ ಬರುತ್ತದೆ.